ಬಾಸ್ಟನ್ ಶೇಕರೋ ಕಾಬ್ಲರ್ ಶೇಕರೋ: ಕಾರವಾರದ ಅಡುಗೆಮನೆಯಲ್ಲಿ ಮೂರು ಮಳೆಗಾಲ ಕಳೆದ ಮೇಲೆ

ಇಲ್ಲಿ ಹೋಲಿಸುತ್ತಿರುವುದು ಮದ್ಯ, ಹುಳಿ, ಸಿಹಿಯನ್ನು ಐಸ್ ಜೊತೆ ಕುಲುಕಿ ಕಾಕ್‌ಟೇಲ್ ಮಾಡುವ ಎರಡು ಸ್ಟೀಲ್ ಶೇಕರ್‌ಗಳನ್ನು. ಒಂದು 550 ಮಿ.ಲೀ. ಕಾಬ್ಲರ್. ಕೆಳಗೆ ಡಬ್ಬಿ, ಅದರ ಮೇಲೆ ತೂತಿನ ಜಾಲರಿ ಇರುವ ಮೇಲ್ಭಾಗ, ಅದಕ್ಕೊಂದು ಪುಟ್ಟ ಮುಚ್ಚಳ, ಹೀಗೆ ಮೂರು ತುಂಡು. ಇನ್ನೊಂದು ಬಾಸ್ಟನ್. ಇದರಲ್ಲಿ ಎರಡೇ ತುಂಡು: 28 ಔನ್ಸಿನ ದೊಡ್ಡ ಟಿನ್ (ಸುಮಾರು 830 ಮಿ.ಲೀ.), 18 ಔನ್ಸಿನ ಚಿಕ್ಕ ಟಿನ್ (ಸುಮಾರು 530 ಮಿ.ಲೀ.). ಎರಡೂ ಒಂದೇ ಮನೆಯಲ್ಲಿ, ವಾರಕ್ಕೆ ಎರಡು ಮೂರು ಸಲದಂತೆ ಮೂರು ವರ್ಷ ಬಳಕೆಯಾಗಿವೆ. ಹೊಸದಾಗಿ ಕಲಿಯುವವರು ಬಾಸ್ಟನ್ನನ್ನೇ ಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಅಂಗಡಿಯವರು ತೋರಿಸುವ ಸೆಟ್ಟುಗಳಲ್ಲಿ ಹೆಚ್ಚಾಗಿ ಇರುವುದು ಕಾಬ್ಲರ್, ಹಾಗಾಗಿ ಕಾರಣ ವಿವರವಾಗಿ ಹೇಳಬೇಕು.

ಶೇಕರ್‌ನೊಳಗೆ ಐಸ್ ಹಾಕಿ ಮುಚ್ಚಿ ಕುಲುಕಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ತಣ್ಣಗಾಗುತ್ತದೆ. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಮುಚ್ಚಿದ ಗಾಳಿ ಸೊನ್ನೆ ಡಿಗ್ರಿಗೆ ಇಳಿದರೆ ಅದರ ಒತ್ತಡ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಆಗ ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಲೋಹವೂ ಒಂದಿಷ್ಟು ಕುಗ್ಗುತ್ತದೆ. ನಾಲ್ಕು ಸೆಂಟಿಮೀಟರ್ ಅಗಲದ ಕಾಬ್ಲರ್ ಮುಚ್ಚಳದ ಮೇಲೆ ಈ ಒತ್ತಡ ಒಂದು ಕಿಲೋ ಭಾರ ಇಟ್ಟಷ್ಟು ಆಗುತ್ತದೆ. ಒಂದು ಕಿಲೋ ದೊಡ್ಡದೇನಲ್ಲ, ಆದರೆ ಮುಚ್ಚಳ ಚಿಕ್ಕದು, ಉರುಟು, ಮೇಲೆಲ್ಲ ಬೆವರಿ ಜಾರುತ್ತಿರುತ್ತದೆ. ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ಅದನ್ನು ತಿರುಗಿಸಿ ಎಳೆಯುತ್ತ ನಿಂತ ಅರ್ಧ ನಿಮಿಷದಲ್ಲಿ ಒಳಗೆ ಐಸ್ ಕರಗುತ್ತಲೇ ಇರುತ್ತದೆ, ಪಾನೀಯ ನೀರಾಗುತ್ತದೆ.

ಬಾಸ್ಟನ್ನಿನಲ್ಲಿ ಇದೇ ಒತ್ತಡ ಉಪಕಾರಕ್ಕೆ ಬರುತ್ತದೆ. ಟಿನ್ನಿನ ಬಾಯಿ ಅಗಲ, ಹಾಗಾಗಿ ಎರಡು ಟಿನ್ನುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವ ಬಲ ನಾಲ್ಕೈದು ಕಿಲೋದವರೆಗೂ ಬರುತ್ತದೆ. ತಿರುಪು, ರಬ್ಬರ್ ಯಾವುದೂ ಇಲ್ಲದೆ ಅದು ಸೋರದೆ ನಿಲ್ಲುವುದು ಈ ಕಾರಣಕ್ಕೆ. ಬಿಡಿಸುವಾಗ ಎಳೆಯುವುದು ಬೇಕಿಲ್ಲ. ಸಂದಿಯಲ್ಲಿ ಎಲ್ಲೋ ಒಂದೆಡೆ ಗಾಳಿ ಒಳಹೋದರೆ ಸಾಕು, ಹಿಡಿತ ಪೂರ್ತಿ ಹೋಗುತ್ತದೆ.

ಒಂದು ಪಾನೀಯವನ್ನೇ ತೆಗೆದುಕೊಂಡು ಹೇಳುತ್ತೇವೆ. ಬಿಳಿ ರಮ್ 60 ಮಿ.ಲೀ., ನಿಂಬೆರಸ 25, ಜೋನಿಬೆಲ್ಲದ ಪಾಕ 20. ಶಿರಸಿ ಕಡೆಯ ಜೋನಿಬೆಲ್ಲವನ್ನು ಹಾಗೆಯೇ ಸುರಿದರೆ ಐಸ್ ತಾಗಿದ ಕೂಡಲೇ ಗಟ್ಟಿಯಾಗಿ ತಳ ಹಿಡಿಯುತ್ತದೆ, ಎಷ್ಟು ಕುಲುಕಿದರೂ ಕರಗುವುದಿಲ್ಲ. ಎರಡು ಪಾಲು ಜೋನಿಬೆಲ್ಲಕ್ಕೆ ಒಂದು ಪಾಲು ಬಿಸಿನೀರು ಬೆರೆಸಿ ಆರಿಸಿಟ್ಟುಕೊಳ್ಳಬೇಕು.

ಎಲ್ಲವನ್ನೂ ಚಿಕ್ಕ ಟಿನ್ನಿಗೆ ಹಾಕಿ. ಮೊದಲು ನಿಂಬೆ, ಆಮೇಲೆ ಪಾಕ, ಕೊನೆಗೆ ರಮ್. ಅಳತೆ ತಪ್ಪಿದರೆ ಚೆಲ್ಲುವುದು ಅಗ್ಗದ ಪದಾರ್ಥ ಮಾತ್ರ ಆಗಲಿ ಎಂದು ಈ ಕ್ರಮ. ಚಿಕ್ಕ ಟಿನ್ನಿನ ಬಾಯಿವರೆಗೂ ಐಸ್ ತುಂಬಿ. ನಾಲ್ಕೇ ತುಂಡು ಹಾಕಿ ಐಸ್ ಉಳಿಸಲು ಹೋದರೆ ಅದು ಬೇಗ ಕರಗಿ, ಪಾನೀಯ ತಣ್ಣಗಾಗುವ ಮೊದಲೇ ತೆಳ್ಳಗಾಗುತ್ತದೆ. ಈಗ ದೊಡ್ಡ ಟಿನ್ನನ್ನು ಸ್ವಲ್ಪ ಓರೆಯಾಗಿ ಕವುಚಿ ಅಂಗೈಯಿಂದ ಒಂದೇ ಏಟು ಕೊಡಿ. ಓರೆ ಎಂದರೆ, ಒಂದು ಬದಿಯಲ್ಲಿ ಎರಡೂ ಟಿನ್ನಿನ ಗೋಡೆ ಒಂದೇ ನೇರದಲ್ಲಿ ಅಂಟಿಕೊಂಡಿರಬೇಕು, ಎದುರು ಬದಿಯಲ್ಲಿ ಸಂದು ಕಾಣಬೇಕು. ಮೇಲಿನ ಟಿನ್ ಹಿಡಿದು ಎತ್ತಿದಾಗ ಕೆಳಗಿನದೂ ಜೊತೆಗೆ ಬಂದರೆ ಸರಿಯಾಗಿ ಕೂತಿದೆ ಎಂದರ್ಥ. ಪೂರ್ತಿ ನೆಟ್ಟಗೆ ಕೂರಿಸಿದರೆ ಸುತ್ತಲೂ ಒಂದೇ ಸಮ ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಬಾಸ್ಟನ್ ಬಿಚ್ಚಲು ಬರುವುದಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ.

ಎರಡೂ ಕೈಯಿಂದ ಹಿಡಿದು, ಚಿಕ್ಕ ಟಿನ್ ನಿಮ್ಮ ಕಡೆಗಿರುವಂತೆ ಹೆಗಲ ಮಟ್ಟದಲ್ಲಿ 12 ಸೆಕೆಂಡ್ ಜೋರಾಗಿ ಕುಲುಕಿ. ಅಕಸ್ಮಾತ್ ಬಿಚ್ಚಿಕೊಂಡರೆ ಎದುರು ಕೂತವರ ಮೈಮೇಲೆ ಬೀಳುವುದಿಲ್ಲ. ಟಿನ್ನಿನ ಹೊರಗೆ ಮಂಜು ಕಟ್ಟಿ ಬೆರಳು ಚುಮುಗುಟ್ಟಲು ಶುರುವಾದರೆ ನಿಲ್ಲಿಸಬಹುದು. ದೊಡ್ಡ ಟಿನ್ ಕೆಳಗೆ ಬರುವಂತೆ ಇಡಿ. ಟಿನ್ನುಗಳು ಅಂಟಿದ ಬದಿಗೂ ಸಂದು ಹೆಚ್ಚಿರುವ ಬದಿಗೂ ನಡುವೆ, ಸಂದು ಶುರುವಾಗುವ ಕಡೆ, ದೊಡ್ಡ ಟಿನ್ನಿನ ಬಾಯಂಚಿಗೆ ಅಂಗೈ ಬುಡದಿಂದ ಒಂದು ಪೆಟ್ಟು ಕೊಡಿ. ಟಕ್ ಎಂದು ಬಿಡುತ್ತದೆ. ಬಿಡದಿದ್ದರೆ ಅಲ್ಲಿಯೇ ಮತ್ತೆ ಹೊಡೆಯುವ ಬದಲು ಸ್ವಲ್ಪ ತಿರುಗಿಸಿ ಹೊಡೆಯಿರಿ, ಇಲ್ಲವೇ ದೊಡ್ಡ ಟಿನ್ನಿನ ಬಾಯಿಯನ್ನು ಎರಡು ಬದಿಯಿಂದ ಅಮುಕಿ. ಕಟ್ಟೆಯ ಅಂಚಿಗೆ ಮಾತ್ರ ಯಾವತ್ತೂ ಬಡಿಯಬೇಡಿ. ಬಾಯಂಚು ಒಮ್ಮೆ ನೆಗ್ಗಿದರೆ ಆ ಜಾಗದಿಂದ ಸೋರುವುದು ಮತ್ತೆ ನಿಲ್ಲುವುದಿಲ್ಲ.

105 ಮಿ.ಲೀ. ಹಾಕಿದ್ದು ಹೊರಬರುವಾಗ 145ರಿಂದ 155ರ ಆಸುಪಾಸು ಇರಬೇಕು. ಒಂದೆರಡು ಸಲ ಅಳೆದು ನೋಡಿ, ತುಂಬ ಉಪಯೋಗವಾಗುತ್ತದೆ. 170 ದಾಟಿದರೆ ನಿಮ್ಮ ಕುಲುಕುವಿಕೆಯ ದೋಷವಲ್ಲ, ಐಸ್ ಒದ್ದೆಯಾಗಿತ್ತು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ದಿನ ಫ್ರಿಜ್ಜಿನ ಐಸ್ ಹೀಗೇ ಇರುತ್ತದೆ. ಅದನ್ನು ಜರಡಿಗೆ ಹಾಕಿ ನೀರು ಝಾಡಿಸಿ ಬಳಸಿದರೆ ವ್ಯತ್ಯಾಸ ನಾಲಗೆಗೇ ಗೊತ್ತಾಗುತ್ತದೆ. ಮೀನು ಇಡುವುದಕ್ಕೆ ಬಂದರಿನ ಕಡೆ ಸಿಗುವ ಐಸ್ ಎಷ್ಟೇ ದೊಡ್ಡ ಗಡ್ಡೆಯಾಗಿದ್ದರೂ ಇದಕ್ಕೆ ಬೇಡ, ಅದು ಕುಡಿಯಲು ಮಾಡಿದ್ದಲ್ಲ.

ಹಾಗಂತ ಕಾಬ್ಲರ್ ಕೆಟ್ಟ ವಸ್ತುವಲ್ಲ. ಜಪಾನಿನ ಎಷ್ಟೋ ಬಾರ್‌ಗಳಲ್ಲಿ ಪಳಗಿದ ಕೈಗಳು ಅದನ್ನೇ ಬಳಸುತ್ತವೆ. ಅಂಗೈ ಚಿಕ್ಕದಿದ್ದವರಿಗೆ, ಒಂದೇ ಲೋಟ ಮಾಡುವವರಿಗೆ ಅದು ಹಿಡಿಯಲು ಹಗುರ, ಬೇರೆ ಸ್ಟ್ರೇನರ್ ಕೂಡ ಬೇಕಾಗುವುದಿಲ್ಲ. ಮನೆಯಲ್ಲಿ ಈಗಾಗಲೇ ಕಾಬ್ಲರ್ ಇದ್ದರೆ ಮುಚ್ಚುವ ಕ್ರಮ ಬದಲಿಸಿ ನೋಡಿ. ಮೊದಲು ಜಾಲರಿಯ ಭಾಗವನ್ನು ಮುಚ್ಚಳವಿಲ್ಲದೆ ಒತ್ತಿ ಕೂರಿಸಿ, ಆ ಒತ್ತಡಕ್ಕೆ ಗಾಳಿ ಹೊರಹೋಗಲಿ, ಆಮೇಲೆ ಮುಚ್ಚಳ ಹಾಕಿ. ಎರಡನ್ನೂ ಒಟ್ಟಿಗೆ ಸೇರಿಸಿ ಒತ್ತಿದರೆ ಕುಲುಕುವಾಗ ಮುಚ್ಚಳ ಹಾರುವ ಸಂಭವ ಹೆಚ್ಚು. ಮುಚ್ಚಳ ಕಚ್ಚಿಕೊಂಡರೆ ಅದರ ಮೇಲಷ್ಟೇ ಬಿಸಿನೀರು ಹನಿಸಿ, ಒಣ ಬಟ್ಟೆಯಿಂದ ಹಿಡಿದು ತಿರುಗಿಸಿ.

ಮುಚ್ಚಳದ ತೊಂದರೆಗೆ ಹೀಗೆ ಉಪಾಯವುಂಟು, ಜಾಲರಿಯ ತೊಂದರೆಗೆ ಇಲ್ಲ. ನಮ್ಮ ಕಡೆ ಶೇಕರ್‌ಗೆ ಹೋಗುವುದು ಬರೀ ನಿಂಬೆರಸವಲ್ಲ. ಮುರುಗಲು ನೆನೆಸಿ ಕಿವುಚಿದ ರಸ, ಮಾವಿನ ತಿರುಳು, ಪುದೀನ ಎಲ್ಲವೂ ಹೋಗುತ್ತದೆ. ಮುರುಗಲಿನ ಸಿಪ್ಪೆಯ ಚೂರು ಎರಡು ತೂತಿಗೆ ಅಡ್ಡ ಕೂತರೆ ಉಳಿದ ತೂತುಗಳಿಂದ ತೊಟ್ಟಿಕ್ಕುತ್ತದೆ ಅಷ್ಟೆ, ಡಬ್ಬಿ ಕೊಡವುತ್ತ ನಿಲ್ಲಬೇಕಾಗುತ್ತದೆ. ಬಾಸ್ಟನ್ನಿನ ಜೊತೆ ಬಳಸುವ ಸ್ಪ್ರಿಂಗ್ ಇರುವ ಹಾಥಾರ್ನ್ ಸ್ಟ್ರೇನರ್‌ನಲ್ಲಿ ಈ ಕಷ್ಟವಿಲ್ಲ. ಬೆರಳಿನಿಂದ ಅದನ್ನು ಮುಂದಕ್ಕೆ ತಳ್ಳಿ ಹಿಡಿದರೆ ಸಂದು ಕಿರಿದಾಗುತ್ತದೆ, ಹಿಂದಕ್ಕೆ ಬಿಟ್ಟರೆ ಅಗಲವಾಗುತ್ತದೆ. ಲೋಟದ ಮೇಲೆ ಮಾಮೂಲಿ ಚಹಾ ಸೋಸುವ ಜರಡಿ ಹಿಡಿದರೆ ಪುಡಿ ಐಸೂ ನಾರೂ ಅಲ್ಲಿಯೇ ನಿಲ್ಲುತ್ತವೆ. ಇದಕ್ಕೆಂದೇ ಮಾರುವ ದುಬಾರಿ ಜರಡಿ ಕೊಳ್ಳುವ ಅಗತ್ಯವಿಲ್ಲ. ಚಹಾ ವಾಸನೆ ಹಿಡಿದಿರದ ಒಂದನ್ನು ಬೇರೆಯೇ ಇಟ್ಟುಕೊಳ್ಳಿ.

ಸ್ಟ್ರೇನರ್‌ನ ವಿಷಯದಲ್ಲಿ ಹಣ ಉಳಿಸಬಾರದು. ಕರಾವಳಿಯ ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಅದರ ಸ್ಪ್ರಿಂಗ್. ಟಿನ್ನುಗಳು ಚೆನ್ನಾಗಿಯೇ ಇದ್ದವು, ಅಗ್ಗದ ಸ್ಟ್ರೇನರ್‌ನ ಸ್ಪ್ರಿಂಗಿಗೆ ಮೊದಲ ಮಳೆಗಾಲದಲ್ಲೇ ಕಂದು ಚುಕ್ಕೆ ಬಂತು. ಸ್ಪ್ರಿಂಗ್ ಕಳಚಿ ತೊಳೆಯಲು ಬರುವಂಥದ್ದನ್ನೇ ಆರಿಸಿ, ತೊಳೆದ ಮೇಲೆ ಬಿಚ್ಚಿಟ್ಟು ಒಣಗಿಸಿ. ಟಿನ್ನಿನ ತಳದಲ್ಲಿ ಸ್ಟೀಲಿನ ದರ್ಜೆ 304 ಎಂದು ಒತ್ತಿದ್ದರೆ ಒಳ್ಳೆಯದು. ಆಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಪೂರ್ತಿ ಉತ್ತರ ಸಿಗುವುದಿಲ್ಲ, ಏಕೆಂದರೆ 202 ಎಂಬ ಕಡಿಮೆ ದರ್ಜೆಯ ಸ್ಟೀಲ್ ಕೂಡ ಸಾಮಾನ್ಯವಾಗಿ ಆಯಸ್ಕಾಂತಕ್ಕೆ ಅಂಟುವುದಿಲ್ಲ. ತಾಮ್ರ, ಹಿತ್ತಾಳೆಯ ಹೊಳಪಿನ ಶೇಕರ್ ಕಂಡರೆ ಒಳಗೆ ಇಣುಕಿ ನೋಡಿ. ಒಳಭಾಗ ಸ್ಟೀಲ್ ಇದ್ದರೆ ಅಡ್ಡಿಯಿಲ್ಲ. ಒಳಗೂ ತಾಮ್ರ ಕಂಡರೆ ಬಿಡಿ. ಕಲಾಯಿ ಇಲ್ಲದ ಪಾತ್ರೆಗೆ ಹುಳಿ ಹಾಕಬಾರದು ಎಂಬ ನಿಯಮ ಇಲ್ಲಿಗೂ ಅನ್ವಯ.

ಗಾಜಿನ ಲೋಟ ಮತ್ತು ಟಿನ್ ಸೇರಿದ ಬಾಸ್ಟನ್ ಕೂಡ ಸಿಗುತ್ತದೆ. ಒಳಗೇನಾಗುತ್ತಿದೆ ಎಂದು ಕಾಣುತ್ತದೆ ಎಂಬುದೊಂದೇ ಅದರ ಲಾಭ. ಭಾರ ಹೆಚ್ಚು, ಒದ್ದೆ ಕೈಯಿಂದ ಜಾರಿದರೆ ಒಡೆಯುತ್ತದೆ. ಕಲಿಯುವವರಿಗೆ ಎರಡೂ ಟಿನ್ ಇರುವುದೇ ಕ್ಷೇಮ.

ಇನ್ನು ಅಳತೆ. ಮನೆಯಲ್ಲಿ ಪೆಗ್ ಅಳತೆ ಇದ್ದೇ ಇರುತ್ತದೆ, 30 ಮತ್ತು 60ರದ್ದು. ಮದ್ಯಕ್ಕೆ ಅದು ಸಾಕು, ಹುಳಿ ಸಿಹಿಗೆ ಸಾಲದು. ಮೇಲಿನ ಲೆಕ್ಕದಲ್ಲಿ ನಿಂಬೆ 25ರ ಬದಲು 30 ಆದರೆ ಹಲ್ಲು ಚುಳ್ಳೆನ್ನುತ್ತದೆ. ಒಳಗೋಡೆಯಲ್ಲಿ 15, 20, 25ರ ಗೆರೆ ಇರುವ ಜಿಗರ್ ಎಂಬ ಅಳತೆ ಬಟ್ಟಲು ಬೇಕು. ಸಿಗುವವರೆಗೆ ಔಷಧಿ ಬಾಟಲಿಯ ಜೊತೆ ಬರುವ 5, 10, 15ರ ಗುರುತಿನ ಮುಚ್ಚಳ ನಡೆಯುತ್ತದೆ. ಹೊಸ ಜಿಗರ್ ತಂದಾಗ ಅಡುಗೆ ತಕ್ಕಡಿಯ ಮೇಲಿಟ್ಟು ನೀರು ತುಂಬಿ: 30 ಮಿ.ಲೀ. ನೀರು 30 ಗ್ರಾಂ ತೂಗಬೇಕು. ಎರಡು ಮೂರು ಗ್ರಾಂ ಕಡಿಮೆ ತೂಗುವ ಜಿಗರ್‌ಗಳು ಇವೆ. ಕಾಬ್ಲರ್ ಮುಚ್ಚಳವನ್ನೇ ಅಳತೆಯಾಗಿ ಬಳಸಿ ಎನ್ನುವವರಿದ್ದಾರೆ, ಮೊದಲು ಅದನ್ನೂ ಹೀಗೇ ತೂಗಿ ನೋಡಿ.

ಉದ್ದ ಚಮಚ, ಇಕ್ಕಳ, ಓಪನರ್ ಸೇರಿಸಿ ಹನ್ನೆರಡು ಸಾಮಾನಿನ ಸೆಟ್ ಬೇಡ. ಪುದೀನ ಜಜ್ಜಲು ಲಟ್ಟಣಿಗೆಯ ತುದಿ ಸಾಕು, ಎಲೆ ನಲುಗಿದರೆ ಆಯಿತು, ಚಟ್ನಿ ಆದರೆ ಕಹಿ ಬರುತ್ತದೆ. ಮರದ ಜಜ್ಜುಕೋಲು ಕೊಂಡರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಒಲೆಯ ಪಕ್ಕದಲ್ಲಿಡಬೇಕು. ಸೋಡಾವನ್ನು ಎರಡರಲ್ಲಿ ಯಾವ ಶೇಕರ್‌ಗೂ ಹಾಕಬೇಡಿ. ಒಳಗೆ ಒತ್ತಡ ಏರಿ ಮುಚ್ಚಳ ಸಿಡಿಯುತ್ತದೆ, ಸೋಡಾ ಏನಿದ್ದರೂ ಲೋಟಕ್ಕೆ ಸೋಸಿದ ಮೇಲೆ.

ಹೊಸ ಬಾಸ್ಟನ್ ತಂದ ದಿನ ಬರೀ ನೀರು 100 ಮಿ.ಲೀ. ಮತ್ತು ಐಸ್ ಹಾಕಿ ಸಿಂಕಿನ ಮೇಲೆ ಹತ್ತು ಸಲ ಮುಚ್ಚಿ, ಕುಲುಕಿ, ಬಿಚ್ಚಿ ನೋಡಿ. ಮೊದಲ ಎರಡು ಮೂರು ಸೆಕೆಂಡ್ ಒಂದೆರಡು ಹನಿ ಬಂದು ನಿಂತರೆ ದೋಷವಲ್ಲ, ಟಿನ್ ಇನ್ನೂ ತಣ್ಣಗಾಗಿರುವುದಿಲ್ಲ. ಕೊನೆಯವರೆಗೂ ಸೋರಿದರೆ ಟಿನ್ನುಗಳ ಅಳತೆ ಒಂದಕ್ಕೊಂದು ಹೊಂದುತ್ತಿಲ್ಲ, ಬದಲಾಯಿಸಿಕೊಳ್ಳಿ. ತೊಳೆದ ಮೇಲೆ ಎರಡೂ ಟಿನ್ನನ್ನು ಬೇರೆ ಬೇರೆಯಾಗಿ ಕವುಚಿಡಿ. ಒಂದರೊಳಗೊಂದು ಸಿಕ್ಕಿಸಿಟ್ಟರೆ ನಡುವೆ ಉಳಿದ ಜೋನಿಬೆಲ್ಲದ ಅಂಟು ಒಣಗಿ, ಮರುದಿನ ಬಿಸಿನೀರಿನಲ್ಲಿ ಮುಳುಗಿಸಿಟ್ಟೇ ಬಿಡಿಸಬೇಕಾಗುತ್ತದೆ.