ಪ್ರಾಗ್ಮಾಟಿಸಂ ಸಾಕೋ, ಕ್ರಿಟಿಕಲ್ ರಿಯಲಿಸಂ ಬೇಕೋ? ಕಬ್ಬಿಣದ ಮಾತ್ರೆಯ ಅಧ್ಯಯನ ಮುಂದಿಟ್ಟುಕೊಂಡು

ಒಂದೇ ಅಧ್ಯಯನದಲ್ಲಿ ಬಳಸಿದ ಸರ್ವೆ ಮತ್ತು ಸಂದರ್ಶನ ಎರಡೂ ಒಂದೇ ಮಾತು ಹೇಳಿದರೆ ಯಾವ ಪ್ಯಾರಡೈಮ್, ಅಂದರೆ ಸಂಶೋಧನೆಯ ಹಿಂದಿನ ತಾತ್ವಿಕ ನಿಲುವು, ಹಿಡಿದರೂ ಕೆಲಸ ನಡೆಯುತ್ತದೆ. ಅವೆರಡೂ ಜಗಳಕ್ಕೆ ಬಿದ್ದಾಗ ಮಾತ್ರ ಪ್ಯಾರಡೈಮ್‌ನ ಬೆಲೆ ತಿಳಿಯುತ್ತದೆ. ಅಂಥ ಹೊತ್ತಿನಲ್ಲಿ ನನ್ನ ಓಟು ಕ್ರಿಟಿಕಲ್ ರಿಯಲಿಸಂಗೆ, ಅಂದರೆ ಕಾಣುವುದರ ಹಿಂದೆ ಅದನ್ನು ಹುಟ್ಟಿಸಿದ ಕಾಣದ ಕಾರಣ ನಿಜವಾಗಿಯೂ ಇದೆ, ಅದನ್ನು ಹುಡುಕಬೇಕು ಎನ್ನುವ ನಿಲುವಿಗೆ.

ಕೆಲಸಕ್ಕೆ ಬರುತ್ತದೆಯೇ ಎಂಬುದೇ ಒರೆಗಲ್ಲು ಎನ್ನುವ ಪ್ರಾಗ್ಮಾಟಿಸಂ ಮಾಡಿದ ಉಪಕಾರ ಸಣ್ಣದಲ್ಲ. ಅಂಕಿಗೂ ಮಾತಿಗೂ ತತ್ವದಲ್ಲೇ ಹೊಂದುವುದಿಲ್ಲ ಎಂಬ ವಾದ 1980ರ ದಶಕದಲ್ಲಿ ಜೋರಾಗಿದ್ದಾಗ, ಕೆನೆತ್ ಹೋವ್ 1988ರಲ್ಲಿ ಇದರ ಬಲದಿಂದಲೇ ಅದನ್ನು ಎದುರಿಸಿದರು. ಪ್ರಶ್ನೆ ಮೊದಲು, ವಿಧಾನ ಆಮೇಲೆ. ಆದರೆ ನಮ್ಮ ಪಿಎಚ್‌ಡಿ ಪ್ರಬಂಧಗಳಲ್ಲಿ ಇದು ಹೆಚ್ಚಾಗಿ 'ಕೈಗೆ ಸಿಕ್ಕಿದ್ದನ್ನು ಬಳಸಿದೆ' ಎನ್ನುವುದಕ್ಕೆ ಹಾಕಿದ ಮುಸುಕು. ಪ್ರಾಗ್ಮಾಟಿಸಂನ ಹಿರಿಯ ತತ್ವಜ್ಞಾನಿ ಜಾನ್ ಡ್ಯೂಯಿ ಹೇಳಿದ್ದು ಹಾಗಲ್ಲ: ಗೊಂದಲದ ಒಂದು ಪರಿಸ್ಥಿತಿಯಿಂದ ವಿಚಾರಣೆ ಶುರುವಾಗಬೇಕು, ಆ ಗೊಂದಲ ಬಗೆಹರಿಯಿತೇ ಎಂದು ಕೊನೆಗೆ ಪರೀಕ್ಷಿಸಲೂ ಬೇಕು.

ಒಂದು ಕಲ್ಪಿತ ಅಧ್ಯಯನ ನೋಡೋಣ. ಸರ್ಕಾರಿ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಒಂಬತ್ತನೇ ತಿಂಗಳಲ್ಲಿರುವ 300 ಹೆಂಗಸರ ಸರ್ವೆ, 24 ಸಂದರ್ಶನ. ಹೆರಿಗೆಯಾದವರನ್ನು ಸೇರಿಸಬಾರದು, ಅವರಿಗೆ ಮತ್ತೆ 180 ಮಾತ್ರೆ ಬರುವುದರಿಂದ ಸ್ಟ್ರಿಪ್ ಎಣಿಕೆ ಕಲಸುಮೇಲೋಗರವಾಗುತ್ತದೆ. 'ತಗೊಂಡಿದೀನಿ' ಎಂದು ಬಹುತೇಕರು ಹೇಳುತ್ತಾರೆ, ಆದರೆ ಮನೆಯ ಕಪಾಟಿನಲ್ಲಿ ಸ್ಟ್ರಿಪ್‌ಗಳು ಅರ್ಧ ತುಂಬಿಯೇ ಇವೆ ಅಂದುಕೊಳ್ಳಿ.

ಪ್ರಾಗ್ಮಾಟಿಸ್ಟ್ ಇಲ್ಲಿ ಕೇಳುವುದು ಇಷ್ಟು: ಏನು ಮಾಡಿದರೆ ಸ್ಟ್ರಿಪ್ ಖಾಲಿಯಾಗುತ್ತದೆ? ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬರುವುದೋ, ಊಟದ ನಂತರ ನುಂಗಲು ಹೇಳುವುದೋ? ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಿ, ಎಣಿಸಿ, ವರದಿ ಕೊಡಬಹುದು. ಪಕ್ಕದ ತಾಲ್ಲೂಕಿನಲ್ಲಿ ಅದೇ ಉಪಾಯ ಕೈಕೊಟ್ಟರೆ ಕಾರಣ ಹೇಳಲು ಅವನ ಬಳಿ ಹೆಚ್ಚೇನೂ ಉಳಿದಿರುವುದಿಲ್ಲ.

ಕ್ರಿಟಿಕಲ್ ರಿಯಲಿಸಂಗೆ ಬುನಾದಿ ಹಾಕಿದ ರಾಯ್ ಭಾಸ್ಕರ್ 1975ರಲ್ಲಿ ಕಟ್ಟಿದ ಮೂರು ಪದರ ಇಲ್ಲಿ ನೆರವಾಗುತ್ತದೆ. ಹೆಂಗಸು ಹೇಳಿದ್ದು ಅನುಭವದ ಪದರ, ಅರ್ಧ ತುಂಬಿದ ಸ್ಟ್ರಿಪ್ ನಡೆದದ್ದರ ಪದರ, ಅವಳ ಕೈ ತಡೆದದ್ದು ಅದರ ಕೆಳಗಿನದು, ಅಂದರೆ ಮೆಕ್ಯಾನಿಸಂ. ಸರ್ವೆಯೂ ಸುಳ್ಳಲ್ಲ, ಸ್ಟ್ರಿಪ್ಪೂ ಸುಳ್ಳಲ್ಲ. ಎರಡನ್ನೂ ಹುಟ್ಟಿಸಿದ್ದು ಯಾವುದು ಎಂದು ಹಿಂದಕ್ಕೆ ಊಹಿಸುವುದೇ ರೆಟ್ರೊಡಕ್ಷನ್.

ಪೀಡೆ ಶುರುವಾಗುವುದು ಇಲ್ಲೇ. ಮೆಕ್ಯಾನಿಸಂ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ, ಸಂದರ್ಶನದಲ್ಲಿ ನಾಲ್ಕು ಸಲ ಬಂದ ಮಾತಿಗೇ ಆ ಹೆಸರು ಅಂಟಿಸಿಬಿಡುತ್ತಾರೆ. 'ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಅತ್ತೆ ಹೇಳಿದ್ರು' ಎಂಬ ಮಾತು ಸಿಕ್ಕ ಕೂಡಲೇ 'ಹೆರಿಗೆಯ ಭಯ' ಎಂದು ಬರೆದು ಮುಗಿಸುತ್ತಾರೆ. ಅದು ಬರೀ ಥೀಮ್, ಪದೇಪದೇ ಕೇಳಿಬಂದ ಮಾತು ಅಷ್ಟೇ.

ಪರೀಕ್ಷೆ ಹೀಗೆ. ಎದುರಾಳಿ ಕಾರಣಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದೂ ನಿಜವಾದರೆ ಅಂಕಿಯಲ್ಲಿ ಏನು ಕಾಣಬೇಕು ಎಂದು ಮೊದಲೇ ಬರೆದಿಡಬೇಕು. ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಕಾರಣವಾದರೆ ಶುರುವಿನ ವಾರಗಳಲ್ಲೇ ಬಿಟ್ಟಿರಬೇಕು. ಮಗು ದಪ್ಪವಾಗುವ ಭಯವಾದರೆ ಹೊಟ್ಟೆ ಎದ್ದು ಕಾಣುವ ಆರೇಳನೇ ತಿಂಗಳಲ್ಲಿ ನಿಂತಿರಬೇಕು. ಆದರೆ ನಮ್ಮಲ್ಲಿ ಚೊಚ್ಚಲ ಬಸುರಿ ತವರಿಗೆ ಹೋಗುವುದೂ ಸುಮಾರಾಗಿ ಅದೇ ಹೊತ್ತಿಗೆ! ಮಾತ್ರೆ ಗಂಡನ ಮನೆಯಲ್ಲೇ ಉಳಿದಿರಬಹುದು, ತವರಿನ ಆಶಾಳ ಪಟ್ಟಿಯಲ್ಲಿ ಇವಳ ಹೆಸರೇ ಇಲ್ಲದಿರಬಹುದು. ಆಗ ಭಯಕ್ಕೂ ಊರು ಬದಲಾದದ್ದಕ್ಕೂ ಒಂದೇ ಗೆರೆ ಮೂಡುತ್ತದೆ.

ಇವೆರಡನ್ನು ಬಿಡಿಸಲು ಎರಡನೇ ಬಸಿರಿನವರನ್ನು ನೋಡಿದರೆ ಸಾಲದು. ಒಮ್ಮೆ ಹೆತ್ತವಳಿಗೆ ಭಯವೇ ಕಡಿಮೆ ಇರಬಹುದು. ತವರಿಗೆ ಹೋಗದ ಚೊಚ್ಚಲಿನವರನ್ನು ಬೇರೆ ಎಣಿಸಬೇಕು. ಅವರೂ ಏಳಕ್ಕೇ ನಿಲ್ಲಿಸಿದ್ದರೆ ಭಯದ ಕಡೆ ತೂಕ ಬೀಳುತ್ತದೆ. ನಿಲ್ಲಿಸಿಲ್ಲವಾದರೆ ಪಟ್ಟಿ ವರ್ಗಾವಣೆಯ ಕಡೆ ಅನುಮಾನ ಹೋಗುತ್ತದೆ. ಪರಿಹಾರವೂ ಬೇರೆಬೇರೆ: ಒಂದಕ್ಕೆ ಅತ್ತೆಯ ಜೊತೆ ಮಾತು, ಇನ್ನೊಂದಕ್ಕೆ ಎರಡು ಊರಿನ ಆಶಾಗಳ ನಡುವೆ ಒಂದು ಫೋನ್ ಕರೆ.

ಇಷ್ಟಕ್ಕೆ ಪ್ರಶ್ನಾವಳಿಯಲ್ಲಿ 'ಯಾವ ತಿಂಗಳಲ್ಲಿ ನಿಲ್ಲಿಸಿದಿರಿ', 'ಈಗ ಯಾರ ಮನೆಯಲ್ಲಿದ್ದೀರಿ, ಎಂದಿನಿಂದ' ಎಂಬ ಪ್ರಶ್ನೆಗಳಿರಬೇಕು. ಸಾಮಾನ್ಯವಾಗಿ ಇರುವುದಿಲ್ಲ, ಏಕೆಂದರೆ ಸರ್ವೆ ಮುಗಿದ ಮೇಲೆ ಸಂದರ್ಶನ ಮಾಡಿರುತ್ತಾರೆ. ಹತ್ತು ಸಂದರ್ಶನ ಮೊದಲು, ಸರ್ವೆ ನಡುವೆ, ಉಳಿದ ಹದಿನಾಲ್ಕು ಕೊನೆಗೆ ಮಾಡುವುದು ನಾನು ಒಪ್ಪುವ ಕ್ರಮ.

ಆಯ್ಕೆ ಕಡೆಗೆ ದುಡ್ಡಿಗೆ ಬಂದು ನಿಲ್ಲುತ್ತದೆ. ಕ್ಷೇತ್ರಕಾರ್ಯದ ಹಣದಲ್ಲಿ ಮೂರನೇ ಒಂದು ಭಾಗವನ್ನು ಎರಡನೇ ಸುತ್ತಿಗೆ ತೆಗೆದಿಡಬಲ್ಲಿರಾದರೆ ಕ್ರಿಟಿಕಲ್ ರಿಯಲಿಸಂ ಹಿಡಿಯಿರಿ. ಆರು ತಿಂಗಳಲ್ಲಿ ವರದಿ ಬೇಕು, ಮತ್ತೆ ಊರಿಗೆ ಹೋಗಲು ಬಸ್ ಚಾರ್ಜೂ ಇಲ್ಲ ಎಂದಾದರೆ ಪ್ರಾಗ್ಮಾಟಿಸಂ ಎಂದೇ ಬರೆದುಕೊಳ್ಳಿ. ಆಗ 'ಮೆಕ್ಯಾನಿಸಂ' ಎಂಬ ಪದವನ್ನು ಮಾತ್ರ ಪ್ರಬಂಧದಿಂದ ಹುಡುಕಿ ಅಳಿಸಿಬಿಡಿ.