ಸೋಲುತ್ತಿರುವ ಪ್ರಾಜೆಕ್ಟಿಗೆ ಹೊಸ ಬೇಸ್‌ಲೈನ್: ಕೆಲಸ ಕಡಿತವೋ, ದಿನಾಂಕವೋ, ಹಣವೋ?

ಬೇಸ್‌ಲೈನ್ ಅಂದರೆ ಎಷ್ಟು ಕೆಲಸ, ಯಾವ ದಿನಾಂಕ, ಎಷ್ಟು ಹಣ ಅಂತ ಎಲ್ಲರೂ ಒಪ್ಪಿದ ಪ್ಲಾನ್. ಹತ್ತು ತಿಂಗಳ ಪ್ರಾಜೆಕ್ಟ್, 100 ಪಾಲು ಬಜೆಟ್ ಅಂದುಕೊಳ್ಳಿ. ಆರು ತಿಂಗಳು ಕಳೆದಿವೆ, 60 ಪಾಲು ಖರ್ಚಾಗಿದೆ. ಮುಗಿದ ಕೆಲಸ ಮಾತ್ರ ಶೇ. 40. ಇದೇ ವೇಗದಲ್ಲಿ ಹೋದರೆ 15 ತಿಂಗಳು ಬೇಕು, 150 ಪಾಲು ಹಣ ಬೇಕು.

ಹೆಚ್ಚಿನವರು ಮೊದಲು ದಿನಾಂಕ ಮುಂದೂಡುತ್ತಾರೆ. ಕೇಳಲು ಸುಲಭ, ಅಲ್ವಾ? ಆದರೆ ಅದೇ ತಂಡ ಇನ್ನೂ ಐದು ತಿಂಗಳು ಜಾಸ್ತಿ ಕೂತರೆ ಅವರ ಸಂಬಳವೂ ಜಾಸ್ತಿಯಾಗುತ್ತದೆ. "ದಿನಾಂಕ ಮಾತ್ರ ಬದಲು" ಅನ್ನುವುದು ಸುಳ್ಳು ಲೆಕ್ಕ.

ಹಣ ಹಾಕಿ ಜನ ಸೇರಿಸುವುದು ತುಂಡು ತುಂಡಾಗಿ ಹಂಚಬಹುದಾದ ಕೆಲಸಕ್ಕೆ ಸರಿ. ಉಳಿದ ಕಡೆ ಹೊಸಬರಿಗೆ ಕಲಿಸುವುದರಲ್ಲೇ ಹಳಬರ ಸಮಯ ಹೋಗುತ್ತದೆ.

ದಿನಾಂಕ, ಹಣ ಎರಡೂ ಕದಲದಿದ್ದರೆ ಕೆಲಸವನ್ನೇ ಕಡಿಮೆ ಮಾಡಬೇಕು. ಉಳಿದ 40 ಪಾಲು ಹಣದಲ್ಲಿ ಇದೇ ವೇಗಕ್ಕೆ ಆಗುವುದು ಸುಮಾರು ಶೇ. 27ರಷ್ಟು ಕೆಲಸ, ಮುಗಿದ 40 ಸೇರಿ ಶೇ. 67. ಅಂದರೆ ಒಟ್ಟು ಮೂರರಲ್ಲಿ ಒಂದು ಭಾಗ ಬಿಡಲೇಬೇಕು. ಒಂದೆರಡು ಚಿಕ್ಕ ರಿಪೋರ್ಟ್ ತೆಗೆದರೆ ಸಾಲದು. ಬಳಕೆದಾರರು ಮೊದಲ ದಿನವೇ ಬಳಸುವಂಥದ್ದು ಉಳಿಯಬೇಕು. ಮೂರರಲ್ಲಿ ನನ್ನ ಒಲವು ಈ ಕೆಲಸ ಕಡಿತಕ್ಕೇ.

ಪ್ರಾಜೆಕ್ಟಿಗೆ ಹಣ ಕೊಡುವ ಸ್ಪಾನ್ಸರ್‌ಗೆ ಇದನ್ನು ಮೀಟಿಂಗಿನಲ್ಲಿ ಎಲ್ಲರೆದುರು ಹೇಳಬೇಡಿ, ಮೊದಲೇ ಒಬ್ಬರನ್ನೇ ಕಂಡು ಹೇಳಿ. ಹೀಗೆ ಶುರು ಮಾಡಬಹುದು: "ಸರ್, ಹಳೆಯ ಪ್ಲಾನ್ ಇನ್ನು ನಡೆಯುವುದಿಲ್ಲ. ಮೂರು ದಾರಿ ಇವೆ, ನನ್ನ ಸಲಹೆ ಇದು. ಶುಕ್ರವಾರದೊಳಗೆ ನಿಮ್ಮ ನಿರ್ಧಾರ ಬೇಕು." ಹಳೆಯ ಬೇಸ್‌ಲೈನ್ ಅಳಿಸಬೇಡಿ, ಹೊಸದರ ಪಕ್ಕದಲ್ಲೇ ಇಡಿ. ತಡವಾಗಿದ್ದು ಯಾಕೆ ಅನ್ನುವುದು ಗೊತ್ತಾಗದೆ ಹೊಸ ದಿನಾಂಕ ಕೊಟ್ಟರೆ, ಎರಡೇ ತಿಂಗಳಲ್ಲಿ ಮತ್ತೆ ಅದೇ ಮಾತಿಗೆ ಕೂರಬೇಕಾಗುತ್ತದೆ.