ಕೈಬರಹದ ಕಿರ್ದಿಯ ಫೋಟೊದಿಂದ ಶೀಟ್ ಮಾಡುವ ಆ್ಯಪ್: ಎರಡು ವರ್ಷ ಬಳಸಿದ ಮೇಲೆ (5ಕ್ಕೆ 3.5)

ನಾನು ಸಾಗರದಲ್ಲಿ ಐದಾರು ಸಣ್ಣ ಅಂಗಡಿಗಳ ಮತ್ತು ಒಂದು ದೇವಸ್ಥಾನ ಸಮಿತಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಇವರೆಲ್ಲ ಇಂದಿಗೂ ನಗದು ಪುಸ್ತಕವನ್ನು ಕೈಯಲ್ಲೇ ಬರೆಯುತ್ತಾರೆ. ಅದನ್ನು ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಎರಡು ವರ್ಷದಿಂದ ಈ ಆ್ಯಪಿಗೆ ದುಡ್ಡು ಕಟ್ಟಿ ಬಳಸುತ್ತಿದ್ದೇನೆ. ಪುಟದ ಫೋಟೊ ತೆಗೆದರೆ ಅದರಲ್ಲಿರುವುದನ್ನು ಓದಿ ಶೀಟ್ ಮಾಡಿಕೊಡುತ್ತದೆ. ಬೇಕೆಂದರೆ ಡೆಬಿಟ್, ಕ್ರೆಡಿಟ್ ಎರಡೂ ಕಾಲಮ್ಮನ್ನು ಕೂಡಿಸಿ, ಬಂದದ್ದಕ್ಕೆ ಪ್ಲಸ್, ಹೋದದ್ದಕ್ಕೆ ಮೈನಸ್ ಹಾಕಿ ಒಂದೇ `Amount` ಕಾಲಮ್ ಆಗಿಯೂ ಕೊಡುತ್ತದೆ. ಈ ವಿಮರ್ಶೆ ಮುಖ್ಯವಾಗಿ ಆ ಕೊನೆಯ ಸೌಲಭ್ಯದ ಬಗ್ಗೆ. ಆ್ಯಪನ್ನು ಕೊಂಡದ್ದೂ ಅದಕ್ಕೇ, ಹೆಚ್ಚು ಪೆಟ್ಟು ತಿಂದದ್ದೂ ಅದರಲ್ಲೇ.

ಮೊದಲ ತಿಂಗಳೇ ಎಡವಿದ್ದು ಚಿಹ್ನೆಯಲ್ಲಿ. ಆ್ಯಪಿನ ಸೆಟ್ಟಿಂಗಿನಲ್ಲಿ `Debit = -` ಎಂದು ಮೊದಲೇ ಇರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿಗೆ ಅದು ಸರಿ. ಪಾಸ್‌ಬುಕ್ ಬ್ಯಾಂಕಿನವರ ಲೆಕ್ಕ. ನಾವು ಕಟ್ಟಿದ ಹಣ ಅವರು ನಮಗೆ ಕೊಡಬೇಕಾದ ಸಾಲ, ಹಾಗಾಗಿ ಅವರು ಅದನ್ನು ಕ್ರೆಡಿಟ್ ಮಾಡುತ್ತಾರೆ, ನಾವು ತೆಗೆದಾಗ ಡೆಬಿಟ್ ಮಾಡುತ್ತಾರೆ. ನಗದು ಪುಸ್ತಕ ನಮ್ಮದೇ ಲೆಕ್ಕ. ಅದರಲ್ಲಿ ಎಡಗಡೆಯ ಡೆಬಿಟ್ ಎಂದರೆ ಜಮಾ, ಪೆಟ್ಟಿಗೆಗೆ ಬಂದ ಹಣ. ಬಲಗಡೆಯ ಕ್ರೆಡಿಟ್ ಎಂದರೆ ಖರ್ಚು. ಹಾಗಾಗಿ ಆ್ಯಪ್ ಇದ್ದ ಹಾಗೇ ಓದಿದರೆ ಇಡೀ ಪುಸ್ತಕ ತಲೆಕೆಳಗಾಗಿ, ವ್ಯಾಪಾರ ಮೈನಸ್, ಖರ್ಚು ಪ್ಲಸ್ ಆಗುತ್ತದೆ. ಸೆಟ್ಟಿಂಗನ್ನು `Debit = +` ಮಾಡಿದರೆ ಸರಿಹೋಗುತ್ತದೆ. ಆದರೆ ಅದು ಇಡೀ ಖಾತೆಗೆ ಒಂದೇ ಸೆಟ್ಟಿಂಗ್, ಪುಸ್ತಕಕ್ಕೊಂದರಂತೆ ಇಲ್ಲ. ಪಾಸ್‌ಬುಕ್ ಓದಿಸಿ ಆಮೇಲೆ ಕಿರ್ದಿ ಓದಿಸುವಾಗ ಪ್ರತಿ ಸಲ ನೆನಪಿಟ್ಟು ಬದಲಾಯಿಸಬೇಕು. ಎರಡು ವರ್ಷದಲ್ಲಿ ಇದನ್ನು ಸರಿಮಾಡಿಲ್ಲ. ಅದಕ್ಕೇ ಅರ್ಧ ಸ್ಟಾರ್ ಕಡಿಮೆ ಮಾಡಿದ್ದೇನೆ.

ಇದಕ್ಕಿಂತ ದೊಡ್ಡ ತೊಂದರೆ ಎದುರುಬದುರು ಪುಟದ ಪುಸ್ತಕದ್ದು. ನಮ್ಮ ಕಡೆಯ ಹಳೆಯ ಅಂಗಡಿಗಳಲ್ಲಿ ಎಡಪುಟ ಪೂರ್ತಿ ಜಮಾ, ಬಲಪುಟ ಪೂರ್ತಿ ಖರ್ಚು. ಒಂದೇ ಗೆರೆಯ ಮೇಲಿರುವ ಎಡಬಲದ ಬಾಬ್ತುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಎರಡು ಪಟ್ಟಿಗಳು ಅಕ್ಕಪಕ್ಕ ಕೂತಿವೆ, ಅಷ್ಟೇ. ಆ್ಯಪಿಗೆ ಅದು ತಿಳಿಯುವುದಿಲ್ಲ. ಎರಡೂ ಪುಟ ಸೇರಿಸಿ ಫೋಟೊ ತೆಗೆದರೆ ಗೆರೆಯುದ್ದಕ್ಕೂ ಓದಿ, ಎಡದ ಮೊತ್ತದಿಂದ ಬಲದ ಮೊತ್ತ ಕಳೆದು ಒಂದೇ ಸಾಲು ಮಾಡುತ್ತದೆ.

ಒಂದು ಕಿರಾಣಿ ಅಂಗಡಿಯ ಒಂದು ದಿನದ ಲೆಕ್ಕ ಹೇಳುತ್ತೇನೆ. ಜಮಾ ಕಡೆ ಆರಂಭ ಶಿಲ್ಕು 8,420, ಅಂಗಡಿ ವ್ಯಾಪಾರ 6,315, ಬಾಕಿ ವಸೂಲಿ 2,500, ಬ್ಯಾಂಕಿನಿಂದ ತೆಗೆದದ್ದು 10,000. ಒಟ್ಟು 27,235. ಖರ್ಚಿನ ಕಡೆ ಅಕ್ಕಿ ಬಾಬ್ತು 14,600, ಹಮಾಲಿ 450, ಕರೆಂಟ್ ಬಿಲ್ 1,785, ಕೊನೆಗೆ ಅಖೈರು ಶಿಲ್ಕು 10,400. ಅಲ್ಲೂ ಒಟ್ಟು 27,235. ಆ್ಯಪ್ ಮಾಡಿಕೊಟ್ಟ `Amount` ಕಾಲಮ್ಮಿನಲ್ಲಿ ಇದ್ದದ್ದು ಈ ನಾಲ್ಕು ಸಾಲು:

```
 8420 - 14600 = -6180
 6315 -   450 =  5865
 2500 -  1785 =   715
10000 - 10400 =  -400
```

ಕೂಡಿದರೆ ಸೊನ್ನೆ. ಎರಡೂ ಕಡೆ ಒಟ್ಟು 27,235 ಇದ್ದ ಸಾಲೂ ಸೊನ್ನೆ. ಸೊನ್ನೆ ಬಂತಲ್ಲ, ತಾಳೆಯಾಯಿತು ಎಂದು ಆ ತಿಂಗಳ ಅಷ್ಟೂ ಪುಟಗಳನ್ನು ನಾನು ಹಾಗೇ ಮುಂದಕ್ಕೆ ಬಿಟ್ಟೆ. ತಪ್ಪು ಹಿಡಿದವರು ಅಂಗಡಿಯ ಯಜಮಾನರು. “ಮಾರಾಯ್ರೆ, ಆ ದಿನ ವ್ಯಾಪಾರ ಆರು ಸಾವಿರದ ಮುನ್ನೂರರ ಮೇಲೆ ಆಗಿತ್ತು. ನಿಮ್ಮ ಶೀಟಲ್ಲಿ ಐದು ಸಾವಿರದ ಎಂಟುನೂರು ಅಂತ ಇದೆಯಲ್ಲ, ನಾನ್ನೂರ ಐವತ್ತು ಎಲ್ಲಿ ಹೋಯ್ತು?” ಎಂದು ಫೋನ್ ಮಾಡಿದರು. ಹಮಾಲಿಯ ದುಡ್ಡು ವ್ಯಾಪಾರದೊಳಗೆ ಸೇರಿಹೋಗಿತ್ತು.

ಸೊನ್ನೆ ಬಂದೇ ಬರುತ್ತದೆ ಎಂಬುದು ಆಗ ಹೊಳೆಯಿತು. ಅಖೈರು ಶಿಲ್ಕು ಖರ್ಚಲ್ಲ. ಎರಡೂ ಕಡೆಯ ಒಟ್ಟು ಸಮವಾಗಲಿ ಎಂದು ಬರೆಯುವ ಮೊತ್ತ ಅದು. ಆರಂಭ ಶಿಲ್ಕೂ ಆ ದಿನ ಬಂದ ಹಣವಲ್ಲ, ನಿನ್ನೆಯದು. ಇವೆರಡನ್ನೂ ಸೇರಿಸಿ ಕೂಡಿದರೆ ಸಾಲುಗಳನ್ನು ಹೇಗೆ ಕಲಸಿದರೂ ಉತ್ತರ ಸೊನ್ನೆಯೇ. ಹಾಗಾಗಿ ಆ ಸೊನ್ನೆ ಏನನ್ನೂ ಸಾಬೀತು ಮಾಡುವುದಿಲ್ಲ. ಮೇಲಿನ ದಿನಕ್ಕೆ ಇರಬೇಕಾದದ್ದು ಆರು ಸಾಲು: ಪ್ಲಸ್ 6,315, ಪ್ಲಸ್ 2,500, ಪ್ಲಸ್ 10,000, ಮೈನಸ್ 14,600, ಮೈನಸ್ 450, ಮೈನಸ್ 1,785. ಕೂಡಿದರೆ 1,980. ಆರಂಭದ 8,420ಕ್ಕೆ ಅದನ್ನು ಸೇರಿಸಿದರೆ 10,400. ಯಜಮಾನರು ಕೈಯಲ್ಲಿ ಬರೆದ ಅಖೈರು ಶಿಲ್ಕಿಗೆ ಇದು ಹೊಂದಿದರೆ ಮಾತ್ರ ಪುಟ ತಾಳೆಯಾದ ಹಾಗೆ.

ಈಗ ನಾನು ಎಡಪುಟ, ಬಲಪುಟಗಳನ್ನು ಬೇರೆ ಬೇರೆ ಫೋಟೊ ತೆಗೆಯುತ್ತೇನೆ. ಎಡಪುಟದ ಶೀಟನ್ನು ಹಾಗೇ ಇಟ್ಟು, ಬಲಪುಟದ ಮೊತ್ತಗಳಿಗೆಲ್ಲ ಮೈನಸ್ ಹಾಕಿ ಅದರ ಕೆಳಗೆ ಅಂಟಿಸುತ್ತೇನೆ. ಶಿಲ್ಕಿನ ಸಾಲು, ಒಟ್ಟಿನ ಸಾಲು, ಪುಟದ ಮೇಲೆ ಕೆಳಗೆ ಬರುವ ‘ಹಿಂದಿನ ಪುಟದಿಂದ’, ‘ಮುಂದಿನ ಪುಟಕ್ಕೆ’ ಇವನ್ನೆಲ್ಲ ಅಳಿಸದೆ ಪಕ್ಕಕ್ಕೆ ಸರಿಸಿಡುತ್ತೇನೆ, ತಾಳೆ ನೋಡಲು ಅವೇ ಬೇಕು. ಇಡೀ ಪುಸ್ತಕಕ್ಕೆ ಆರಂಭ ಶಿಲ್ಕು ಒಂದೇ ಸಲ ಒಳಗೆ ಬರುತ್ತದೆ, ಮೊದಲ ಪುಟದ ಮೊದಲ ಸಾಲಿನಲ್ಲಿ.

ದೇವಸ್ಥಾನ ಸಮಿತಿಯ ಪುಸ್ತಕದ ರೀತಿ ಬೇರೆ. ಒಂದೇ ಪುಟದಲ್ಲಿ ತಾರೀಕು, ವಿವರ, ಜಮಾ, ಖರ್ಚು, ಶಿಲ್ಕು ಎಂದು ಕಾಲಮ್ ಹಾಕಿರುತ್ತಾರೆ, ಪ್ರತಿ ಸಾಲಿಗೂ ಶಿಲ್ಕು ಬರೆಯುತ್ತಾರೆ. ಇಂಥ ಪುಸ್ತಕವನ್ನು ಆ್ಯಪ್ ಬಹಳ ಚೆನ್ನಾಗಿ ಓದುತ್ತದೆ, ಮೂರೂವರೆ ಸ್ಟಾರ್ ಕೊಟ್ಟದ್ದು ಇದರ ಬಲದಿಂದಲೇ. ಇಲ್ಲಿ ಒಂದು ಸಾಲಿನಲ್ಲಿ ಜಮಾ ಅಥವಾ ಖರ್ಚು, ಎರಡರಲ್ಲಿ ಒಂದೇ ಇರಬೇಕು. ಅದಕ್ಕೇ ಆ್ಯಪಿನ `Amount` ಬಿಟ್ಟು, ಎರಡೂ ಕಾಲಮ್ ಇರುವ ಶೀಟ್ ಇಳಿಸಿಕೊಂಡು ಚಿಹ್ನೆಯನ್ನು ನಾನೇ ಹಾಕುತ್ತೇನೆ. C ಜಮಾ, D ಖರ್ಚು, E ಚಿಹ್ನೆಯ ಮೊತ್ತ, F ನಾನು ಲೆಕ್ಕ ಹಾಕಿದ ಶಿಲ್ಕು, G ಪುಸ್ತಕದಲ್ಲಿ ಬರೆದ ಶಿಲ್ಕು. F2ರಲ್ಲಿ ಆರಂಭ ಶಿಲ್ಕು ಬರೆದು, ಮೂರನೆಯ ಸಾಲಿನಿಂದ:

```
E3: =IF(AND(C3<>"",D3<>""),"?",C3-D3)
F3: =F2+E3
H3: =ROUND(F3-G3,2)
```

ಎರಡೂ ಮನೆಯಲ್ಲಿ ಮೊತ್ತ ಇದ್ದರೆ E ಕಾಲಮ್ಮಿನಲ್ಲಿ ಪ್ರಶ್ನೆ ಚಿಹ್ನೆ ಬಂದು, ಅಲ್ಲಿಂದ ಮುಂದಿನ ಶಿಲ್ಕೆಲ್ಲ `#VALUE!` ಆಗಿ ನಿಲ್ಲುತ್ತದೆ. ನಿಲ್ಲುವುದೇ ನನಗೆ ಬೇಕು. ತಪ್ಪನ್ನು ಸದ್ದಿಲ್ಲದೆ ಕಳೆದು ಮುಂದೆ ಹೋಗುವ ಶೀಟಿನಿಂದ ಒಮ್ಮೆ ನೊಂದಿದ್ದೇನಲ್ಲ. H ಕಾಲಮ್ಮಿನಲ್ಲಿ ಸೊನ್ನೆಯಲ್ಲದ್ದು ಮೊದಲು ಎಲ್ಲಿ ಬರುತ್ತದೋ ಆ ಸಾಲಿನಲ್ಲೇ ತಪ್ಪು.

ವ್ಯತ್ಯಾಸದ ಮೊತ್ತ ನೋಡಿದರೆ ಎಂಥ ತಪ್ಪು ಎಂದೂ ಹೇಳಬಹುದು. ಕಳೆದ ಶ್ರಾವಣದ ಒಂದು ಪುಟದಲ್ಲಿ H ಕಾಲಮ್ ಒಂದು ಸಾಲಿನಿಂದ ಕೆಳಗೆ 3,700 ತೋರಿಸುತ್ತಿತ್ತು. ಅರ್ಧ ಮಾಡಿದರೆ 1,850. ಆ ಸಾಲಿನಲ್ಲಿ ಹೂವಿನ ಬಾಬ್ತು 1,850 ಇತ್ತು, ಆ್ಯಪ್ ಅದನ್ನು ಜಮಾ ಮನೆಗೆ ಹಾಕಿತ್ತು. 1,850 ಕಳೆಯಬೇಕಾದಲ್ಲಿ ಕೂಡಿದರೆ ಶಿಲ್ಕು ಅದರ ಎರಡರಷ್ಟು ಹೆಚ್ಚಾಗುತ್ತದೆ. ಮನೆ ಬದಲಾದ ತಪ್ಪು ಯಾವತ್ತೂ ಹೀಗೆ ಇಮ್ಮಡಿಯಾಗಿಯೇ ಕಾಣಿಸುತ್ತದೆ. ಕಾರಣ ಪುಸ್ತಕದ ಹೊಲಿಗೆ. ಹೊಲಿಗೆಯ ಹತ್ತಿರ ಪುಟ ಉಬ್ಬಿ ಕಾಲಮ್ಮಿನ ಗೆರೆ ಬಾಗುತ್ತದೆ, ಕ್ಯಾಮೆರಾಕ್ಕೆ ಖರ್ಚಿನ ಅಂಕಿ ಜಮಾದ ಮನೆಯೊಳಗೆ ಬಿದ್ದಂತೆ ಕಾಣುತ್ತದೆ. ಈಗ ಪುಟದ ಮೇಲೆ ಗಾಜಿನ ಹಲಗೆ ಒತ್ತಿಟ್ಟು, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಂಡು ಫೋಟೊ ತೆಗೆಯುತ್ತೇನೆ. ಈ ತಪ್ಪು ತುಂಬ ಕಡಿಮೆಯಾಗಿದೆ.

ವ್ಯತ್ಯಾಸ ಒಂದೇ ಅಂಕಿ, ಹಿಂದೆ ಸೊನ್ನೆಗಳು, 600 ಅಥವಾ 50ರ ಹಾಗೆ ಇದ್ದರೆ ಆ್ಯಪ್ ಒಂದು ಅಂಕಿಯನ್ನು ತಪ್ಪು ಓದಿದೆ ಎಂದರ್ಥ. 600 ಆದರೆ ನೂರರ ಸ್ಥಾನದಲ್ಲಿ 1 ಇದ್ದಲ್ಲಿ 7, ಅಥವಾ 0 ಇದ್ದಲ್ಲಿ 6. 50 ಆದರೆ ಹತ್ತರ ಸ್ಥಾನದಲ್ಲಿ 3 ಮತ್ತು 8. ಲೆಕ್ಕದ ಮನೆಯಲ್ಲಿ ಹಿರಿಯರು ಹೇಳಿಕೊಡುವ ‘ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲು’ ಎಂಬ ಸೂತ್ರ ಕೈಯಲ್ಲಿ ಬರೆಯುವವರ ತಪ್ಪಿಗೆ ಸರಿ. ಆ್ಯಪ್ 63ನ್ನು 36 ಎಂದು ಓದಿದ್ದನ್ನು ನಾನು ಕಂಡಿಲ್ಲ. ಪೈಸೆಯ ಗೆರೆ ಕಾಣದೆ ಹೋದರೆ 450 ರೂಪಾಯಿ 00 ಪೈಸೆ 45,000 ಆಗುತ್ತದೆ, ವ್ಯತ್ಯಾಸ 44,550, ಅಂದರೆ 450ರ 99 ಪಟ್ಟು. ಹಳೆಯ ಕೈಯವರು ಹಾಕುವ `/-` ಗುರುತೂ ಕಾಟ ಕೊಡುತ್ತದೆ, 1,500ರ ಮುಂದೆ ಅದಿದ್ದರೆ ಕೆಲವು ಸಲ 15,001 ಎಂದು ಬರುತ್ತದೆ. ಸಮಿತಿಯ ಕಾರ್ಯದರ್ಶಿಯವರಿಗೆ ಹೇಳಿ ಆ ಗುರುತು ಬಿಡಿಸಿದ್ದೇನೆ.

ಕನ್ನಡ ಅಂಕಿಯ ಪುಸ್ತಕಕ್ಕೆ ಇದನ್ನು ನಂಬಬೇಡಿ. ಅವಸರದಲ್ಲಿ ಬರೆದ ೧ ಸೊನ್ನೆಯಂತೆ, ೩ ಮತ್ತು ೬ ಒಂದೇ ತರ ಓದಿಬರುತ್ತವೆ, ಮೊದಲಿನಿಂದ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ. ‘ಸದರಿ’ ಎಂದು ಬರೆದ ತಾರೀಕನ್ನೂ ಅದು ಪದವಾಗಿಯೇ ಇಡುತ್ತದೆ, ಮೇಲಿನ ತಾರೀಕನ್ನು ನೀವೇ ಕೆಳಗೆ ಎಳೆಯಬೇಕು.

ಮೊದಲು ಒಂದು ತಿಂಗಳ ಕಿರ್ದಿಗೆ ಒಂದು ಪೂರ್ತಿ ದಿನ ಹಿಡಿಯುತ್ತಿತ್ತು. ಈಗ ಕಾಲಮ್ ಹಾಕಿದ ಪುಸ್ತಕಕ್ಕೆ ತಾಳೆ ನೋಡುವುದೂ ಸೇರಿ ಎರಡು ಗಂಟೆ, ಎದುರುಬದುರು ಪುಟದ್ದಕ್ಕೆ ನಾಲ್ಕು ಗಂಟೆ. ಈ ವರ್ಷದ ಚಂದಾ ಕಟ್ಟಿದ್ದೇನೆ. ಆ ಕಿರಾಣಿ ಅಂಗಡಿಯವರು ಬರುವ ಏಪ್ರಿಲ್ ಒಂದರಿಂದ ಒಂದೇ ಪುಟದ, ಶಿಲ್ಕಿನ ಕಾಲಮ್ ಇರುವ ಪುಸ್ತಕ ತರಿಸುತ್ತೇನೆಂದು ಒಪ್ಪಿದ್ದಾರೆ.